ಕೋಡಿಂಗ್‌ನಲ್ಲಿ ಐದು: ಮಗಳ ಬುದ್ಧಿಮಾಪನ ವರದಿಯನ್ನು ಓದಲು ಕಲಿತ ಬಗೆ

ಮಗಳಿಗೆ ಹತ್ತು ವರ್ಷ. ಪಾಠವನ್ನು ಬಾಯಲ್ಲಿ ಕೇಳಿದರೆ ಮೊದಲಿನಿಂದ ಕೊನೆಯವರೆಗೆ ಹೇಳುತ್ತಾಳೆ, ನಡುವೆ ನಮಗೆ ತೋಚದ ಪ್ರಶ್ನೆಗಳನ್ನೂ ಕೇಳುತ್ತಾಳೆ. ಅದೇ ಪಾಠದ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಅರ್ಧ ಭಾಗ ಖಾಲಿ. ಎರಡು ವರ್ಷ ಇದನ್ನು ಗಮನದ ಕೊರತೆ ಎಂದರು, ಆಮೇಲೆ ಸೋಮಾರಿತನ ಎಂದರು. ಕೊನೆಗೆ ಶಾಲೆಯವರೇ ಬುದ್ಧಿಸಾಮರ್ಥ್ಯದ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಪತ್ರ ಕೊಟ್ಟರು. ಆ ಪತ್ರ ಕೈಗೆ ಬಂದ ದಿನದಿಂದ ಕೊನೆಯ ವರದಿ ಬರುವವರೆಗೆ ಏಳು ತಿಂಗಳು ಹಿಡಿಯಿತು. ಅದರಲ್ಲಿ ಅತಿ ಕಷ್ಟವಾಗಿದ್ದು ಕಾಯುವುದಲ್ಲ, ಕೈಗೆ ಬಂದ ಅಂಕಗಳ ಪಟ್ಟಿಯನ್ನು ತಪ್ಪಾಗಿ ಓದಿಕೊಂಡು ಕಳೆದ ಒಂಬತ್ತು ದಿನಗಳು. ಅಂಥ ಪಟ್ಟಿಯನ್ನು ಎದುರಿಗೆ ಇಟ್ಟುಕೊಂಡು ಕುಳಿತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಗೆ ಹನ್ನೊಂದು ವಾರ ಕಾದೆವು. ಹೋದ ದಿನ ಪರೀಕ್ಷೆ ಆಗಲಿಲ್ಲ. ಕಣ್ಣು ಮತ್ತು ಕಿವಿಯ ತಪಾಸಣೆಯ ವರದಿ ತಂದಿದ್ದೀರಾ ಎಂದು ಕೇಳಿದರು, ನಮ್ಮಲ್ಲಿ ಇರಲಿಲ್ಲ. ಸಣ್ಣ ಚಿಹ್ನೆಗಳನ್ನು ನೋಡಿ ಗುರುತಿಸುವ, ಅಂಕಿಗಳನ್ನು ಕೇಳಿ ಹೇಳುವ ಪರೀಕ್ಷೆಯಲ್ಲಿ ಮಗುವಿಗೆ ದೃಷ್ಟಿದೋಷವೋ ಶ್ರವಣದೋಷವೋ ಇದ್ದರೆ ಬರುವ ಅಂಕಕ್ಕೆ ಅರ್ಥವೇ ಇರುವುದಿಲ್ಲ. ನ್ಯಾಯವಾದ ಕಾರಣ, ಆದರೆ ಸಮಯ ಗೊತ್ತುಮಾಡುವಾಗಲೇ ಯಾರೂ ಹೇಳಿರಲಿಲ್ಲ. ಇನ್ನೂ ಮೂರು ವಾರ ಹೋಯಿತು. ಆ ಎರಡು ವರದಿಗಳ ಜೊತೆಗೆ ಹಿಂದಿನ ಎರಡು ವರ್ಷಗಳ ಅಂಕಪಟ್ಟಿ, ಶಿಕ್ಷಕರ ಟಿಪ್ಪಣಿ ಮತ್ತು ಮಗು ಬರೆದ ನಾಲ್ಕೈದು ನೋಟ್‌ಪುಸ್ತಕಗಳನ್ನು ಒಯ್ಯಿರಿ. ಆ ನೋಟ್‌ಪುಸ್ತಕಗಳು ಕೊನೆಗೆ ಎಷ್ಟು ಕೆಲಸಕ್ಕೆ ಬಂದವು ಎಂಬುದನ್ನು ಮುಂದೆ ಹೇಳುತ್ತೇನೆ. ಶುಲ್ಕದ ವಿಷಯದಲ್ಲಿಯೂ ಒಂದು ಮಾತು ಮೊದಲೇ ಕೇಳಿಕೊಳ್ಳಿ. ನಾವು ಕಟ್ಟಿದ ಹಣ ಪರೀಕ್ಷೆಗೆ ಮತ್ತು ವರದಿಗೆ ಮಾತ್ರ ಆಗಿತ್ತು. ಕುಳಿತು ವಿವರಿಸುವ ಭೇಟಿಗೆ ಬೇರೆ, ಶಾಲೆಗೆ ಕೊಡುವ ಪತ್ರಕ್ಕೆ ಬೇರೆ ಶುಲ್ಕವಿತ್ತು. ಹಣ ಉಳಿಸಲು ಆ ವಿವರಣೆಯ ಭೇಟಿಯನ್ನು ಬಿಡಬೇಡಿ. ನನಗೆ ಈಗ ಗೊತ್ತಿರುವುದೆಲ್ಲ ಅಲ್ಲಿಯೇ ಸಿಕ್ಕಿದ್ದು.

ಮಾಡಿದ್ದು ವೆಕ್ಸ್ಲರ್ ಮಕ್ಕಳ ಬುದ್ಧಿಮಾಪನದ ಐದನೆಯ ಆವೃತ್ತಿ. ಎಲ್ಲರೂ ಇದನ್ನು ವಿಸ್ಕ್ ಎಂದೇ ಕರೆಯುತ್ತಾರೆ. ಆರು ವರ್ಷದಿಂದ ಹದಿನಾರರ ಕೊನೆಯವರೆಗಿನ ಮಕ್ಕಳಿಗಾಗಿ ರೂಪಿಸಿದ್ದು. ಮುಖ್ಯವಾದ ಉಪಪರೀಕ್ಷೆಗಳು ಹತ್ತು. ಎರಡೆರಡು ಸೇರಿ ಐದು ಸೂಚ್ಯಂಕಗಳಾಗುತ್ತವೆ: ಭಾಷಿಕ ಗ್ರಹಿಕೆ, ಆಕಾರ ಮತ್ತು ಜಾಗವನ್ನು ಕಣ್ಣಿನಿಂದ ಗ್ರಹಿಸುವುದು, ಹೊಸ ಸಮಸ್ಯೆಯನ್ನು ಬಿಡಿಸುವ ತರ್ಕ, ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಬಳಸುವ ಕಾರ್ಯಸ್ಮೃತಿ, ಸರಳ ಕೆಲಸವನ್ನು ಬೇಗ ಮಾಡುವ ಸಂಸ್ಕರಣಾ ವೇಗ. ಒಟ್ಟು ಬುದ್ಧಿಲಬ್ಧಕ್ಕೆ, ಅಂದರೆ ಐಕ್ಯೂ ಅಂಕಕ್ಕೆ, ಹತ್ತರಲ್ಲಿ ಏಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಮಗಳು ಒಳಗೆ ಹೋಗಿ ಸುಮಾರು ಒಂದೂಕಾಲು ಗಂಟೆಯ ನಂತರ ಹೊರಗೆ ಬಂದಳು. ಬಲಗೈಯನ್ನು ಒದರಿಕೊಳ್ಳುತ್ತಿದ್ದಳು. ದಣಿದಿರಬೇಕು ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಮೂರು ವಾರದ ನಂತರ ವರದಿ ಇಮೇಲ್‌ನಲ್ಲಿ ಬಂತು. ವಿವರಣೆಯ ಭೇಟಿ ಒಂಬತ್ತು ದಿನಗಳ ಆಚೆಗಿತ್ತು. ಈ ವ್ಯವಸ್ಥೆಯೇ ಸರಿಯಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ. ಸಾಧ್ಯವಾದರೆ ವರದಿಯನ್ನು ಭೇಟಿಯ ದಿನವೇ ಕೊಡಿ ಎಂದು ಕೇಳಿಕೊಳ್ಳಿ.

ಪಟ್ಟಿ ಹೀಗಿತ್ತು. ಎರಡು ಪದಗಳ ನಡುವಿನ ಸಾಮ್ಯವನ್ನು ಹೇಳುವುದರಲ್ಲಿ 14, ಶಬ್ದಗಳ ಅರ್ಥದಲ್ಲಿ 13. ಘನಗಳನ್ನು ಜೋಡಿಸುವುದರಲ್ಲಿ 11, ಚಿತ್ರದ ತುಂಡುಗಳನ್ನು ಮನಸ್ಸಿನಲ್ಲಿಯೇ ಕೂಡಿಸುವುದರಲ್ಲಿ 12. ಬಿಟ್ಟುಹೋದ ಆಕೃತಿಯನ್ನು ಗುರುತಿಸುವ ಮ್ಯಾಟ್ರಿಕ್ಸ್‌ನಲ್ಲಿ 12, ತಕ್ಕಡಿಯ ಲೆಕ್ಕದಲ್ಲಿ 11. ಅಂಕಿಗಳನ್ನು ಕೇಳಿ ಹೇಳುವ ಡಿಜಿಟ್ ಸ್ಪ್ಯಾನ್‌ನಲ್ಲಿ 8, ಚಿತ್ರಗಳನ್ನು ನೆನಪಿಡುವುದರಲ್ಲಿ 11. ಕೊನೆಯ ಎರಡು ಸಾಲುಗಳು: ಅಂಕಿಗಳ ಕೆಳಗೆ ಚಿಹ್ನೆ ಬರೆಯುವ ಕೋಡಿಂಗ್ 5, ಚಿಹ್ನೆಯನ್ನು ಹುಡುಕುವ ಸಿಂಬಲ್ ಸರ್ಚ್ 9. ಒಟ್ಟು ಬುದ್ಧಿಲಬ್ಧ ಸರಾಸರಿಯಾದ 100ಕ್ಕಿಂತ ತುಸು ಮೇಲೆ.

ಮೊದಲು ನಾವು ಮಾಡಿದ ತಪ್ಪು, ಅಂಕಗಳನ್ನು ಶಾಲೆಯ ಅಂಕಗಳಂತೆ ಓದಿದ್ದು. ಹತ್ತೊಂಬತ್ತಕ್ಕೆ ಎಂಟು ಎಂದರೆ ಪಾಸೂ ಆಗಿಲ್ಲವಲ್ಲ ಎಂದು ನನ್ನ ಗಂಡ ಗಾಬರಿಯಾದರು. ಉಪಪರೀಕ್ಷೆಯ ಅಂಕ 1ರಿಂದ 19ರವರೆಗೆ ಇರುತ್ತದೆ ನಿಜ, ಆದರೆ ಅದು ಸರಿಯುತ್ತರಗಳ ಎಣಿಕೆಯಲ್ಲ. ಅದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 10 ಎಂದು ಇಟ್ಟುಕೊಂಡು, ನಮ್ಮ ಮಗು ಅದರಿಂದ ಎಷ್ಟು ದೂರದಲ್ಲಿದೆ ಎಂದು ತೋರಿಸುವ ಅಳತೆ. ಮೂರರಲ್ಲಿ ಎರಡು ಪಾಲು ಮಕ್ಕಳು 7 ಮತ್ತು 13ರ ನಡುವೆ ಬರುತ್ತಾರೆ. ಎಂಟು ಎಂದರೆ ಆ ಗುಂಪಿನ ಒಳಗೇ ಇದ್ದಾಳೆ ಎಂದರ್ಥ.

ಎರಡನೆಯ ತಪ್ಪು ನನ್ನದೇ. ಪ್ರತಿ ಸಾಲಿಗೂ ಒಂದೊಂದು ಕಥೆ ಕಟ್ಟಿದೆ. ತಕ್ಕಡಿಯಲ್ಲಿ 11, ಸಾಮ್ಯದಲ್ಲಿ 14 ಎಂದರೆ ಗಣಿತದ ತರ್ಕ ದುರ್ಬಲ. ಡಿಜಿಟ್ ಸ್ಪ್ಯಾನ್ 8 ಎಂದರೆ ಕಾರ್ಯಸ್ಮೃತಿಯ ದೋಷ. ಕೋಡಿಂಗ್ 5 ಎಂದರೆ ಮಿದುಳಿನ ವೇಗವೇ ಕಡಿಮೆ. ರಾತ್ರಿ ಎರಡು ಗಂಟೆಯವರೆಗೆ ಒಂದೊಂದೇ ಪದವನ್ನು ಮೊಬೈಲ್‌ನಲ್ಲಿ ಹುಡುಕುತ್ತಿದ್ದೆ, ಹುಡುಕಿದ ಪ್ರತಿಯೊಂದು ಪದಕ್ಕೂ ಒಂದು ಕಾಯಿಲೆಯ ಹೆಸರು ಸಿಗುತ್ತಿತ್ತು. ನಿದ್ದೆ ಹೋಗಿದ್ದ ಮಗಳ ಮುಖ ನೋಡಿ ಅಳು ಬಂದ ದಿನಗಳವು. ಆ ನಡುವೆ ಹತ್ತಿರದ ಬಂಧುವೊಬ್ಬರು, ಅವತ್ತು ದಣಿದಿದ್ದಳೇನೋ, ಬೇರೆ ಕಡೆ ಇನ್ನೊಮ್ಮೆ ಮಾಡಿಸಿ ಎಂದು ಸಲಹೆ ಕೊಟ್ಟರು. ಮಾಡಿಸಬೇಡಿ. ಅದೇ ಪರೀಕ್ಷೆಯನ್ನು ಕೆಲವೇ ವಾರಗಳಲ್ಲಿ ಮತ್ತೆ ಮಾಡಿದರೆ ಪರಿಚಯದಿಂದಲೇ ಅಂಕ ಏರುತ್ತದೆ, ಆಮೇಲೆ ಮೊದಲಿನದು ನಿಜವೋ ಎರಡನೆಯದೋ ಎಂದು ಯಾರಿಗೂ ಹೇಳಲಾಗುವುದಿಲ್ಲ. ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಅಂತರ ಬೇಕು ಎನ್ನುತ್ತಾರೆ.

ಭೇಟಿಯ ದಿನ ಮನಶ್ಶಾಸ್ತ್ರಜ್ಞೆ ಮೊದಲು ಮಾಡಿದ ಕೆಲಸ, ಪೆನ್ಸಿಲ್ ತೆಗೆದುಕೊಂಡು ಪ್ರತಿ ಅಂಕದ ಎರಡೂ ಬದಿಗೆ ಗೆರೆ ಎಳೆದಿದ್ದು. "ಮೇಡಂ, ಇದು ಚುಕ್ಕೆಯಲ್ಲ, ಪಟ್ಟಿ. ಒಂದು ಉಪಪರೀಕ್ಷೆ ಹತ್ತು ನಿಮಿಷವೂ ಇರುವುದಿಲ್ಲ. ಅದರಲ್ಲಿ ಬಂದ ಅಂಕ ಸುಮಾರು ಎರಡು ಅಂಕ ಆಚೀಚೆ ಆಗಬಹುದು ಎಂದು ಇಟ್ಟುಕೊಂಡೇ ಓದಬೇಕು" ಎಂದರು. ಗೆರೆಗಳನ್ನು ನೋಡಿದಾಗ 11, 12, 13, 14 ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು. ನಾನು ಕಟ್ಟಿದ್ದ ಗಣಿತದ ಕಥೆ ಅಲ್ಲಿಯೇ ಮುಗಿಯಿತು. ಹನ್ನೊಂದು ಸರಾಸರಿಗಿಂತ ಮೇಲಿನ ಅಂಕ. ಪಕ್ಕದಲ್ಲಿ ಹದಿನಾಲ್ಕು ಇದ್ದುದರಿಂದ ಅದು ನನಗೆ ಕೊರತೆಯಂತೆ ಕಂಡಿತ್ತು.

ಆಮೇಲೆ ಅವರು ಹೇಳಿದ ಮಾತು ನನಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಹತ್ತು ಉಪಪರೀಕ್ಷೆಗಳಲ್ಲಿ ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನಡುವೆ ಆರೇಳು ಅಂಕಗಳ ಅಂತರ ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲಿಯೂ ಮಾಮೂಲು. ಏರಿಳಿತವಿಲ್ಲದ ಸಮತಟ್ಟಾದ ಪಟ್ಟಿಯೇ ಅಪರೂಪ. ನಮ್ಮದರಲ್ಲಿ ಒಂಬತ್ತರ ಅಂತರವಿತ್ತು, ಮಾಮೂಲಿಗಿಂತ ಹೆಚ್ಚು, ಆದರೆ ವಿಚಿತ್ರ ಎನ್ನುವಷ್ಟಲ್ಲ. ಹೀಗಾಗಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಈ ಅಂತರ ಅಳತೆಯ ಏರುಪೇರಿನಿಂದ ಬಂದದ್ದೋ, ನಿಜವಾದದ್ದೋ? ನಿಜವಾದದ್ದಾದರೆ, ಇಂಥ ಅಂತರ ಎಷ್ಟು ಮಕ್ಕಳಲ್ಲಿ ಕಾಣುತ್ತದೆ? ವರದಿಯಲ್ಲಿ ಗಮನಾರ್ಹ ಎಂಬ ಪದ ಇದ್ದರೆ ಅದು ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಅಂತರ ನಿಜ ಎಂದಷ್ಟೇ ಅದರ ಅರ್ಥ, ಅದು ಅಪರೂಪ ಎಂದಾಗಲಿ ರೋಗ ಎಂದಾಗಲಿ ಅಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಕೈಪಿಡಿಯ ಕೋಷ್ಟಕಗಳಲ್ಲಿ ಇರುತ್ತದೆ. ಕೇಳಿದರೆ ನೋಡಿ ಹೇಳುತ್ತಾರೆ, ಕೇಳಿ.

ಡಿಜಿಟ್ ಸ್ಪ್ಯಾನ್‌ನ ಎಂಟನ್ನು ಬಿಡಿಸಿ ನೋಡಿದಾಗ ನನ್ನ ಎರಡನೆಯ ಕಥೆಯೂ ಬಿತ್ತು. ಆ ಪರೀಕ್ಷೆಯಲ್ಲಿ ಮೂರು ಭಾಗಗಳಿವೆ: ಕೇಳಿದ ಅಂಕಿಗಳನ್ನು ಹಾಗೆಯೇ ಹೇಳುವುದು, ಹಿಂದುಮುಂದಾಗಿ ಹೇಳುವುದು, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಹೇಳುವುದು. ಮಗಳಿಗೆ ಹಿಂದುಮುಂದಾಗಿ ಹೇಳುವುದರಲ್ಲಿ 10, ಜೋಡಿಸುವುದರಲ್ಲಿ 9, ಹಾಗೆಯೇ ಹೇಳುವುದರಲ್ಲಿ ಮಾತ್ರ 6. ಕಾರ್ಯಸ್ಮೃತಿ ನಿಜವಾಗಿ ದುರ್ಬಲವಾಗಿದ್ದರೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ತಿರುಗಿಸಬೇಕಾದ ಎರಡು ಭಾಗಗಳು ಮೊದಲು ಕುಸಿಯಬೇಕಿತ್ತು, ಸುಲಭವಾದ ಭಾಗವಲ್ಲ. ಅವರು ಪರೀಕ್ಷೆಯ ದಿನ ಅಂಚಿನಲ್ಲಿ ಬರೆದಿಟ್ಟ ಟಿಪ್ಪಣಿಯನ್ನು ತೋರಿಸಿದರು: ಆ ಭಾಗದ ನಡುವೆ ಹೊರಗೆ ಯಾರೋ ಜೋರಾಗಿ ಮಾತನಾಡಿದ್ದರು, ಮಗು ಬಾಗಿಲ ಕಡೆ ತಿರುಗಿತ್ತು. ಒಂದೇ ಉದ್ದದ ಎರಡು ಸರಣಿಗಳೂ ತಪ್ಪಿದರೆ ಆ ಭಾಗವನ್ನು ಅಲ್ಲಿಗೇ ನಿಲ್ಲಿಸಬೇಕೆಂಬ ನಿಯಮವಿದೆ. ಒಂದು ಗಳಿಗೆಯ ಗಮನಭಂಗ ಸಾಕಾಯಿತು. ಚಿತ್ರಗಳನ್ನು ನೆನಪಿಡುವ ಪರೀಕ್ಷೆಯಲ್ಲಿ 11 ಬಂದಿದ್ದನ್ನೂ ಸೇರಿಸಿಕೊಂಡು, ಸ್ಮೃತಿಯ ವಿಷಯದಲ್ಲಿ ಚಿಂತಿಸುವಂಥದ್ದು ಇಲ್ಲಿ ಕಾಣುತ್ತಿಲ್ಲ ಎಂದರು. ಪರೀಕ್ಷೆಯ ಹೊತ್ತಿನ ಇಂಥ ಟಿಪ್ಪಣಿಗಳು ಅಂತಿಮ ವರದಿಯಲ್ಲಿ ಒಂದೆರಡು ವಾಕ್ಯಗಳಾಗಿ ಕಳೆದುಹೋಗುತ್ತವೆ. ಪ್ರತಿ ಕಡಿಮೆ ಅಂಕದ ಬಗ್ಗೆಯೂ, ಆ ಹೊತ್ತಿಗೆ ಮಗು ಏನು ಮಾಡುತ್ತಿತ್ತು ಎಂದು ಕೇಳುವುದನ್ನು ನಾನು ಅಲ್ಲಿಂದ ಕಲಿತೆ.

ಉಳಿದದ್ದು ಕೋಡಿಂಗ್‌ನ ಐದು. ಅದೊಂದು ಮಾತ್ರ ಹೀಗೆ ಕರಗಲಿಲ್ಲ. ಎರಡು ಅಂಕ ಕೂಡಿಸಿದರೂ ಅದು ಏಳು. ಸಂಸ್ಕರಣಾ ವೇಗದ ಸೂಚ್ಯಂಕ 83 ಎಂದು ವರದಿಯಲ್ಲಿತ್ತು, ಸೂಚ್ಯಂಕಗಳಿಗೂ ಸರಾಸರಿ 100. ನಿಧಾನ ಬುದ್ಧಿಯ ಮಗು ಎಂದು ನಾವು ಎದೆಯೊಡೆದುಕೊಂಡಿದ್ದು ಈ ಸಂಖ್ಯೆಯನ್ನು ನೋಡಿಯೇ.

ಮನಶ್ಶಾಸ್ತ್ರಜ್ಞೆ ಆ ಸಂಖ್ಯೆಯನ್ನು ಪಕ್ಕಕ್ಕೆ ಇಟ್ಟರು. ಒಳಗಿನ ಎರಡು ಪರೀಕ್ಷೆಗಳು 5 ಮತ್ತು 9 ಇರುವಾಗ ಅವುಗಳನ್ನು ಬೆರೆಸಿದ 83 ಯಾವುದನ್ನೂ ಸರಿಯಾಗಿ ಹೇಳುವುದಿಲ್ಲ, ಎರಡನ್ನೂ ಬೇರೆಬೇರೆಯಾಗಿ ನೋಡೋಣ ಎಂದರು. ಕೋಡಿಂಗ್‌ನಲ್ಲಿ ಪ್ರತಿ ಅಂಕಿಗೂ ಒಂದು ಚಿಹ್ನೆ ಗೊತ್ತುಮಾಡಿರುತ್ತದೆ. ಅಂಕಿಗಳ ಕೆಳಗಿನ ಮನೆಗಳಲ್ಲಿ ಆ ಚಿಹ್ನೆಗಳನ್ನು ಬರೆಯುತ್ತ ಹೋಗಬೇಕು. ಸಿಂಬಲ್ ಸರ್ಚ್‌ನಲ್ಲಿ ಕೊಟ್ಟ ಚಿಹ್ನೆ ಸಾಲಿನಲ್ಲಿ ಇದೆಯೇ ಎಂದು ಹುಡುಕಿ ಒಂದು ಗೆರೆ ಎಳೆಯಬೇಕು. ಎರಡಕ್ಕೂ ಸಮಯ 120 ಸೆಕೆಂಡು. ಎರಡರಲ್ಲಿಯೂ ಕಣ್ಣು ಓಡಬೇಕು, ತೀರ್ಮಾನ ಬೇಗ ಆಗಬೇಕು. ಆದರೆ ಒಂದರಲ್ಲಿ ಕೈ ಪದೇಪದೇ ಆಕಾರಗಳನ್ನು ಬಿಡಿಸಬೇಕು, ಇನ್ನೊಂದರಲ್ಲಿ ಒಂದು ಗೆರೆ ಸಾಕು. ಈ ಎರಡರ ನಡುವೆ ಈ ದಿಕ್ಕಿನಲ್ಲಿ ಇಷ್ಟು ಅಂತರ ಹೆಚ್ಚುಕಡಿಮೆ ಹತ್ತು ಮಕ್ಕಳಲ್ಲಿ ಒಬ್ಬರಲ್ಲಿ ಕಾಣುವಂಥದ್ದು. ಆದ್ದರಿಂದ ಇದನ್ನೇ ರೋಗನಿರ್ಣಯ ಎನ್ನಲಾಗದು, ಆದರೆ ಇಲ್ಲೊಂದು ಪ್ರಶ್ನೆ ಇದೆ.

ಆಗ ನಾನು, ಬಂಧುವಿನ ಮಾತನ್ನು ನೆನೆದು, ದಣಿವಿನಿಂದ ಹೀಗಾಗಿರಬಹುದೇ ಎಂದು ಕೇಳಿದೆ. ಉತ್ತರ ಪರೀಕ್ಷೆಯ ಕ್ರಮದಲ್ಲಿಯೇ ಇತ್ತು. ಕೋಡಿಂಗ್ ಐದನೆಯದು, ಸಿಂಬಲ್ ಸರ್ಚ್ ಹತ್ತನೆಯದು. ದಣಿವು ಕಾರಣವಾಗಿದ್ದರೆ ಕೊನೆಯದು ಕುಸಿಯಬೇಕಿತ್ತು. ವರದಿಯಲ್ಲಿ ಪಟ್ಟಿ ಸೂಚ್ಯಂಕಗಳ ಪ್ರಕಾರ ಇರುತ್ತದೆ, ನಡೆಸಿದ ಕ್ರಮದಲ್ಲಿ ಅಲ್ಲ. ಕೋಡಿಂಗ್ ಕೊನೆಯ ಸಾಲುಗಳಲ್ಲಿ ಇದ್ದುದರಿಂದ ಅದನ್ನು ಕೊನೆಯಲ್ಲಿ ಮಾಡಿಸಿದ್ದಾರೆ ಎಂದು ನಾನು ತಿಳಿದಿದ್ದೆ.

ಮಗಳನ್ನು ಒಳಗೆ ಕರೆದು ಕೇಳಿದರು. "ಅವತ್ತು ಅಂಕಿಗಳ ಕೆಳಗೆ ಚಿಹ್ನೆ ಬರೆದೆಯಲ್ಲ, ಹೇಗಿತ್ತು?" ಅವಳು ಯೋಚಿಸದೆ ಹೇಳಿದಳು: "ರಬ್ಬರ್ ಕೊಟ್ಟಿರಲಿಲ್ಲ. ತಪ್ಪಾದರೆ ಅಳಿಸಲು ಆಗುವುದಿಲ್ಲ ಎಂದು ನಿಧಾನ ಬರೆದೆ." ನನಗೆ ಎದೆಯ ಭಾರ ಇಳಿದಂತಾಯಿತು. ಅವಳು ನಿಧಾನದ ಹುಡುಗಿಯಲ್ಲ, ಎಚ್ಚರಿಕೆಯ ಹುಡುಗಿ! ಆದರೆ ಮನಶ್ಶಾಸ್ತ್ರಜ್ಞೆ ಅಷ್ಟಕ್ಕೆ ಒಪ್ಪಲಿಲ್ಲ. ಅವಳು ಬರೆದದ್ದೆಲ್ಲ ಸರಿಯಾಗಿತ್ತು, ಒಂದೂ ತಪ್ಪಿರಲಿಲ್ಲ, ಅದು ಎಚ್ಚರಿಕೆಯ ಮಾತಿಗೆ ಹೊಂದುತ್ತದೆ. ಆದರೆ ಪೆನ್ಸಿಲ್ ಹಿಡಿತ ಬಿಗಿಯಾಗಿತ್ತು, ನಡುವೆ ಎರಡು ಸಲ ಕೈ ಒದರಿಕೊಂಡಿದ್ದಳು, ಚಿಹ್ನೆಗಳು ಮನೆಯ ಗೆರೆ ದಾಟಿದ್ದವು ಎಂದೂ ಅವರ ಟಿಪ್ಪಣಿಯಲ್ಲಿತ್ತು. "ಎಚ್ಚರಿಕೆಯಿಂದ ನಿಧಾನವೋ, ಕೈಗೆ ಆಗದೆ ನಿಧಾನವೋ ಎನ್ನುವುದನ್ನು ಈ ಪರೀಕ್ಷೆ ಬೇರ್ಪಡಿಸುವುದಿಲ್ಲ. ಹೊರಗಿನ ಸಾಕ್ಷ್ಯ ಬೇಕು" ಎಂದರು. ನನಗೆ ಆ ಕ್ಷಣ ಸಿಟ್ಟು ಬಂದಿದ್ದು ನಿಜ. ಸಿಕ್ಕ ನೆಮ್ಮದಿಯನ್ನು ಕಿತ್ತುಕೊಂಡರಲ್ಲ ಎನ್ನಿಸಿತು. ಆದರೆ ಅವರು ಅಲ್ಲಿಯೇ ನಿಲ್ಲಿಸಿದ್ದರೆ ಮಗಳ ಕಷ್ಟ ಹಾಗೆಯೇ ಉಳಿಯುತ್ತಿತ್ತು.

ಹೊರಗಿನ ಸಾಕ್ಷ್ಯಕ್ಕೆ ಇನ್ನೆರಡು ತಿಂಗಳು ಹಿಡಿಯಿತು. ಮೊದಲು ಓದು, ಕಾಗುಣಿತ, ಗಣಿತದ ಸಾಧನಾ ಪರೀಕ್ಷೆ. ಕಲಿಕೆಯ ನ್ಯೂನತೆ ಇದೆಯೋ ಇಲ್ಲವೋ ಎಂದು ಬುದ್ಧಿಮಾಪನವೊಂದೇ ಹೇಳಲಾರದು, ಓದು ಬರಹ ಲೆಕ್ಕವನ್ನು ನೇರವಾಗಿ ಅಳೆಯಲೇಬೇಕು. ಅದು ನಮ್ಮ ಮೊದಲ ಶುಲ್ಕದಲ್ಲಿ ಸೇರಿರಲಿಲ್ಲ, ನಿಮ್ಮದರಲ್ಲಿ ಸೇರಿದೆಯೇ ಎಂದು ಮೊದಲೇ ವಿಚಾರಿಸಿ. ಓದು ವಯಸ್ಸಿಗೆ ಮೀರಿದಷ್ಟಿತ್ತು. ಬಾಯಲ್ಲಿ ಹೇಳುವ ಕಾಗುಣಿತ ಸರಿಯಿತ್ತು. ಬರವಣಿಗೆಯ ಭಾಗ ಮಾತ್ರ ಕೆಳಗಿತ್ತು.

ಆಮೇಲೆ ಬರವಣಿಗೆಯಂಥ ದಿನನಿತ್ಯದ ಕೈಕೆಲಸಗಳ ತೊಂದರೆಯನ್ನು ಪರೀಕ್ಷಿಸಿ ತರಬೇತಿ ಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ಬಳಿಗೆ ಕಳುಹಿಸಿದರು. ಅವರು ಮಾಡಿದ್ದು ಸರಳವಾದ, ಆದರೆ ನನ್ನ ಅನುಮಾನವನ್ನೆಲ್ಲ ಬಗೆಹರಿಸಿದ ಕೆಲಸ. ಒಂದೇ ವಾಕ್ಯವನ್ನು ಎರಡು ನಿಮಿಷ ನಿನ್ನ ಅತಿ ಅಂದದ ಅಕ್ಷರದಲ್ಲಿ ಬರೆ ಎಂದರು. ಸ್ವಲ್ಪ ಬಿಡುವು ಕೊಟ್ಟು, ಅದನ್ನೇ ಎರಡು ನಿಮಿಷ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಬರೆ, ಅಂದ ಬೇಡ, ಓದಲು ಬಂದರೆ ಸಾಕು ಎಂದರು. ಎಚ್ಚರಿಕೆಯಿಂದ ನಿಧಾನವಾಗಿರುವ ಮಗು ಎರಡನೆಯ ಸಲ ಜಿಗಿಯುತ್ತದೆ, ತಡೆ ತೆಗೆದಂತೆ. ನಮ್ಮ ಮಗಳು ಮೊದಲ ಸಲ ಹದಿನಾರು ಪದ ಬರೆದಿದ್ದಳು, ಎರಡನೆಯ ಸಲ ಹದಿನೆಂಟು. ಅಕ್ಷರಗಳು ಮಾತ್ರ ಪೂರ್ತಿ ಕೆಟ್ಟಿದ್ದವು. ಆಕಾರಗಳನ್ನು ನೋಡಿ ಗುರುತಿಸುವುದನ್ನು ಮತ್ತು ಕೈಯ ನಿಯಂತ್ರಣವನ್ನು ಬೇರೆಬೇರೆಯಾಗಿ ಅಳೆದಾಗ ಕಣ್ಣಿನ ಭಾಗ ಸರಾಸರಿಯಲ್ಲಿಯೇ ಬಂತು, ಕೈಯ ಭಾಗ ತುಂಬ ಕೆಳಗೆ ಬಂತು. ನಾವು ಒಯ್ದಿದ್ದ ನೋಟ್‌ಪುಸ್ತಕಗಳನ್ನು ಮೂರನೆಯ ತರಗತಿಯಿಂದ ಒಂದರ ಪಕ್ಕ ಒಂದು ಇಟ್ಟರು. ಪ್ರತಿ ಪುಟದಲ್ಲಿಯೂ ಮೊದಲ ನಾಲ್ಕು ಸಾಲು ದುಂಡಗೆ, ಐದನೆಯದರಿಂದ ಇಳಿಜಾರು, ಎಂಟನೆಯದಕ್ಕೆ ನಿಂತುಹೋದ ಬರಹ. ಮೂರು ವರ್ಷದಿಂದ ನಾನೇ ಪ್ರತಿ ರಾತ್ರಿ ನೋಡಿ ಸಹಿ ಹಾಕಿದ್ದ ಪುಟಗಳವು.

ಕೊನೆಗೆ ಒಂದು ಕಥೆಯನ್ನು ಹತ್ತು ನಿಮಿಷದಲ್ಲಿ ಬರೆಸಿದರು, ಅಷ್ಟೇ ಸಮಯದಲ್ಲಿ ಇನ್ನೊಂದನ್ನು ಬಾಯಲ್ಲಿ ಹೇಳಿಸಿದರು. ಬರೆದದ್ದು ಮೂರು ಚಿಕ್ಕ ವಾಕ್ಯಗಳು. ಹೇಳಿದ್ದನ್ನು ಟೈಪ್ ಮಾಡಿದಾಗ ಒಂದು ಪುಟ ತುಂಬಿತು, ಅದರಲ್ಲಿ ಇಬ್ಬರು ಪಾತ್ರಗಳು ಜಗಳವಾಡಿ ರಾಜಿಯಾಗಿದ್ದರು.

ಇಷ್ಟೆಲ್ಲ ಸೇರಿದ ಮೇಲೆ ಮನಶ್ಶಾಸ್ತ್ರಜ್ಞೆ ವರದಿಯಲ್ಲಿ ಬರವಣಿಗೆಯ ನ್ಯೂನತೆ ಎಂದು ಬರೆದರು, ಆಧಾರವಾಗಿ ಕೋಡಿಂಗ್ ಅಂಕವನ್ನು ಕೊನೆಯಲ್ಲಿ ಇಟ್ಟು, ಬರಹದ ವೇಗ ಮತ್ತು ನೋಟ್‌ಪುಸ್ತಕಗಳನ್ನು ಮೊದಲು ಇಟ್ಟರು. ಕೋಡಿಂಗ್ ಇಲ್ಲದಿದ್ದರೂ ಈ ತೀರ್ಮಾನ ನಿಲ್ಲಬೇಕು, ನಿಲ್ಲದಿದ್ದರೆ ಬರೆಯಲೇಬಾರದು ಎಂದು ಅವರು ವಿವರಿಸಿದರು.

ಶಾಲೆಯಲ್ಲಿ ಇನ್ನೊಂದು ಅಡ್ಡಿ ಕಾದಿತ್ತು. ಅವರ ನಮೂನೆಯಲ್ಲಿ ಬುದ್ಧಿಲಬ್ಧ ಎಂಬ ಒಂದೇ ಮನೆ. ಸರಾಸರಿ ಎಂದ ಮೇಲೆ ಸಹಾಯ ಏಕೆ ಎಂದು ಕೇಳಿದರು. ಆ ಒಟ್ಟು ಅಂಕದೊಳಗೆ 14 ಮತ್ತು 5 ಎರಡೂ ಸೇರಿವೆ ಎಂದು ಹೇಳಿದರೆ ತಲೆಯಾಡಿಸುತ್ತಿದ್ದರು, ನಮೂನೆ ಮಾತ್ರ ಹಾಗೆಯೇ ಇತ್ತು. ಮನಶ್ಶಾಸ್ತ್ರಜ್ಞೆ ಇದಕ್ಕೆ ಒಂದು ದಾರಿ ತೋರಿಸಿದರು. ಒಟ್ಟು ಅಂಕಕ್ಕೆ ಸೇರುವ ಏಳರಲ್ಲಿ ಡಿಜಿಟ್ ಸ್ಪ್ಯಾನ್ ಮತ್ತು ಕೋಡಿಂಗ್ ಎರಡನ್ನೂ ಬಿಟ್ಟು ಉಳಿದ ಐದು ಉಪಪರೀಕ್ಷೆಗಳಿಂದ ಸಾಮಾನ್ಯ ಸಾಮರ್ಥ್ಯ ಸೂಚ್ಯಂಕ ಎಂಬುದನ್ನು ತೆಗೆಯಬಹುದು. ಮಗಳದ್ದು 110 ದಾಟಿತು. ಅದನ್ನು ಒಟ್ಟು ಅಂಕದ ಪಕ್ಕದಲ್ಲಿಯೇ ಬರೆದು, ಯಾವುದನ್ನು ಏಕೆ ಬಿಡಲಾಗಿದೆ ಎಂದು ಎರಡು ಸಾಲು ಸೇರಿಸಿದರು. ಹೆಚ್ಚಿನ ಸಂಖ್ಯೆ ಬರಲಿ ಎಂದು ಇದನ್ನು ಬಳಸುವುದಲ್ಲ, ಕೈಯ ತೊಂದರೆ ಯೋಚನೆಯ ಅಳತೆಯೊಳಗೆ ಬೆರೆತಿದೆ ಎಂದು ತೋರಿಸಲು ಎಂಬುದನ್ನು ಆ ಸಾಲುಗಳಲ್ಲಿ ಸ್ಪಷ್ಟಪಡಿಸಿದ್ದರು. ಈ ಪತ್ರದ ನಂತರ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ದೀರ್ಘ ಉತ್ತರಗಳನ್ನು ಟೈಪ್ ಮಾಡುವ ಅವಕಾಶ, ಹಲಗೆಯಿಂದ ನಕಲು ಮಾಡುವುದರ ಬದಲು ಅಚ್ಚಾದ ಹಾಳೆ ಮಂಜೂರಾದವು. ಹೆಚ್ಚುವರಿ ಸಮಯವೊಂದೇ ಸಾಲದು ಎಂದು ಥೆರಪಿಸ್ಟ್ ಎಚ್ಚರಿಸಿದ್ದರು. ನೋಯುವ ಕೈಗೆ ಇನ್ನಷ್ಟು ಹೊತ್ತು ಬರೆಯಲು ಹೇಳಿದಂತಾಗುತ್ತದೆ, ಟೈಪಿಂಗ್ ಕಲಿಸಿ ಎಂದಿದ್ದರು. ಈಗ ದಿನಕ್ಕೆ ಹದಿನೈದು ನಿಮಿಷ ಅದನ್ನು ಅಭ್ಯಾಸ ಮಾಡುತ್ತಿದ್ದಾಳೆ.

ಒಂದು ಮಾತು ಬಿಟ್ಟುಹೋಗಿತ್ತು. ಮನೆಯ ಭಾಷೆ ಒಂದು, ಪರೀಕ್ಷೆಯ ಭಾಷೆ ಇನ್ನೊಂದು ಆಗಿದ್ದರೆ ಶಬ್ದಾರ್ಥದ ಉಪಪರೀಕ್ಷೆಯಲ್ಲಿ ಕಡಿಮೆ ಬಂದ ಅಂಕ ಬುದ್ಧಿಯನ್ನಲ್ಲ, ಆ ಭಾಷೆಯೊಂದಿಗಿನ ಒಡನಾಟವನ್ನು ಅಳೆದಿರಬಹುದು. ಯಾವ ದೇಶದ ಮಕ್ಕಳ ಸರಾಸರಿಗೆ ಹೋಲಿಸಿದ್ದಾರೆ ಎಂಬುದನ್ನೂ ಕೇಳಿಕೊಳ್ಳಿ. ನಮ್ಮಲ್ಲಿ ಭಾಷಿಕ ಅಂಕಗಳೇ ಎಲ್ಲಕ್ಕಿಂತ ಮೇಲಿದ್ದುದರಿಂದ ಈ ಪ್ರಶ್ನೆ ಏಳಲಿಲ್ಲ.

ಮೊನ್ನೆ ಮಗಳು ಕಡತವನ್ನು ತೆಗೆದು ಪಟ್ಟಿಯನ್ನು ನೋಡಿದಳು. ಬೆರಳು ನೇರವಾಗಿ ಐದರ ಮೇಲೆ ನಿಂತಿತು. "ಇದು ನನ್ನ ಕೈಯದ್ದಲ್ಲವೇ ಅಮ್ಮ?" ಎಂದು ಕೇಳಿದಳು. ಹೌದು ಎಂದೆ. ಹಾಗಾದರೆ ಉಳಿದವು ಯಾರವು ಎಂದು ಮತ್ತೆ ಕೇಳಿ, ಉತ್ತರಕ್ಕೆ ಕಾಯದೆ ಕಡತ ಮುಚ್ಚಿ ಹೋದಳು.